ಹೆಸರಿನ ಜೊತೆಗಿರುವ ಅಂಕಿಯನ್ನೂ ಓದಿ

ಡಿ.ಫಾರ್ಮಾ, ಬಿ.ಫಾರ್ಮಾ ಮುಗಿಸಿ ಈಗಷ್ಟೇ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿರುವ ಮಕ್ಕಳಿಗೆ ಈ ಮಾತು. ಬಹಳ ಕಾಲ ಇದೇ ಕಸುಬಿನಲ್ಲಿದ್ದವನು ನಾನು. ಬೇರೆ ಔಷಧಿಯನ್ನೇ ಕೊಟ್ಟುಬಿಡುವ ತಪ್ಪಿಗೆ ನೀವು ಹೆದರುತ್ತೀರಿ, ಹೆದರಬೇಕಾದದ್ದೇ. ಆದರೆ ಸರಿಯಾದ ಔಷಧಿಯ ತಪ್ಪು ಪವರ್ ಕೊಡುವುದು ಅದಕ್ಕಿಂತ ಸುಲಭವಾಗಿ ನಡೆದುಹೋಗುತ್ತದೆ, ಅದಕ್ಕಿಂತ ತಡವಾಗಿ ಕಣ್ಣಿಗೆ ಬೀಳುತ್ತದೆ. ಹೆಸರು ಸರಿ, ಕಂಪನಿ ಸರಿ, ಬಾಟಲಿಯ ಬಣ್ಣವೂ ಸರಿ. ತಪ್ಪಿರುವುದು ಒಂದು ಅಂಕಿ ಮಾತ್ರ. ಮನೆಯವರಿಗೂ ಅನುಮಾನ ಬರುವುದಿಲ್ಲ.

ನಮ್ಮ ಕಡೆಯ ಒಂದು ತಾಲ್ಲೂಕು ಪೇಟೆಯ ಅಂಗಡಿಯಲ್ಲಿ ಹೀಗೇ ಆಯಿತು. ಅದನ್ನು ಪತ್ತೆಹಚ್ಚಿದವನು ಅಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗದ ಒಬ್ಬ ಹುಡುಗ, ನಿಮ್ಮದೇ ವಯಸ್ಸಿನ ಫಾರ್ಮಾಸಿಸ್ಟ್. ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟ. ಅಂಗಡಿಯ ಯಜಮಾನರು ಆ ವರದಿಯನ್ನು ನನಗೆ ಓದಲು ಕೊಟ್ಟರು. ಓದಿದ ಮೇಲೆ ಇದು ನಿಮಗೆಲ್ಲ ತಿಳಿಯಬೇಕು ಅನ್ನಿಸಿತು. ತಪ್ಪು ಹೇಗಾಯಿತು ಅನ್ನುವುದಕ್ಕಿಂತ ಅದು ಹೇಗೆ ಸಿಕ್ಕಿಬಿತ್ತು, ಸಿಕ್ಕಮೇಲೆ ಏನು ಮಾಡಿದ ಅನ್ನುವುದರಲ್ಲೇ ಕಲಿಯುವುದು ಹೆಚ್ಚಿದೆ.

ಔಷಧಿ ಯಾವುದೆಂದರೆ ದಿನಬೆಳಗಾದರೆ ನೀವು ಕೊಡುವ ಲೀವೋಥೈರಾಕ್ಸಿನ್, ಜನ ಥೈರಾಯ್ಡ್ ಮಾತ್ರೆ ಅನ್ನುತ್ತಾರಲ್ಲ, ಅದೇ. ಶನಿವಾರ ಸಂಜೆ ಏಳರ ಹೊತ್ತು, ಕೌಂಟರಿನಲ್ಲಿ ಜನ ತುಂಬಿದ್ದರು. ಒಬ್ಬರು ತಮ್ಮ ತಾಯಿಯ ಚೀಟಿ ತಂದರು. ತಾಯಿಗೆ 68 ವರ್ಷ, ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಮೆಟೊಪ್ರೊಲಾಲ್, ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆ ಆಗಲೇ ನಡೆಯುತ್ತಿತ್ತು. ಥೈರಾಯ್ಡ್ ಕಡಿಮೆಯಿದೆ ಎಂದು ಗೊತ್ತಾಗಿ ಡಾಕ್ಟರು ಮೊದಲ ಬಾರಿಗೆ 25 ಮೈಕ್ರೋಗ್ರಾಂ ಬರೆದಿದ್ದರು: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು, ಆರು ವಾರ ಬಿಟ್ಟು ರಕ್ತಪರೀಕ್ಷೆ. ಬಿಲ್ ಹೊಡೆದವರು ಒಬ್ಬರು, ರ‍್ಯಾಕಿನಿಂದ ತೆಗೆದವರು ಇನ್ನೊಬ್ಬರು. ಬಿಲ್ಲಿನಲ್ಲಿ 25 ಎಂದೇ ಬಂತು. ಕವರಿನೊಳಗೆ ಹೋದದ್ದು 125ರ ಬಾಟಲಿ.

ಈ ಎರಡು ಅಂಕಿಗಳ ನಡುವಿನ ದೂರ ಎಷ್ಟು ಅನ್ನುವುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಐದು ಪಟ್ಟು. ಆರೋಗ್ಯವಾಗಿರುವ ಚಿಕ್ಕ ವಯಸ್ಸಿನವರಾದರೆ ನಾಲ್ಕು ದಿನದ ಹೆಚ್ಚುವರಿ ಮಾತ್ರೆಯನ್ನು ದೇಹ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ವಯಸ್ಸಾದವರಿಗೆ, ಅದರಲ್ಲೂ ಹೃದಯದ ತೊಂದರೆ ಇರುವವರಿಗೆ, 12.5 ಅಥವಾ 25ರಿಂದ ಶುರುಮಾಡಿ ಆರೆಂಟು ವಾರಕ್ಕೊಮ್ಮೆ ಪರೀಕ್ಷೆ ನೋಡಿಕೊಂಡು ಸ್ವಲ್ಪಸ್ವಲ್ಪವೇ ಏರಿಸುವುದಕ್ಕೆ ಕಾರಣವಿದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಹೃದಯ ಜೋರಾಗಿ ಬಡಿಯುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವೂ ಹೆಚ್ಚುತ್ತದೆ. ರಕ್ತನಾಳ ಕಿರಿದಾಗಿರುವವರಿಗೆ ಎದೆನೋವು ಬರಬಹುದು, ಬಡಿತದ ತಾಳ ತಪ್ಪಬಹುದು. ಡಾಕ್ಟರು ಬೇಕೆಂದೇ ಅತಿ ಸಣ್ಣ ಪ್ರಮಾಣ ಬರೆದ ರೋಗಿಗೇ ದೊಡ್ಡ ಪ್ರಮಾಣ ಹೋಗಿತ್ತು.

ಇನ್ನು ಪತ್ತೆಯಾದ ಬಗೆ. ಬುಧವಾರ ಮಧ್ಯಾಹ್ನ ಬೇರೊಬ್ಬ ಗಿರಾಕಿ ಬಂದು 125ರ ಎರಡು ಬಾಟಲಿ ಕೇಳಿದರು. ಕಂಪ್ಯೂಟರಿನಲ್ಲಿ ಎರಡು ಇದೆ ಎಂದು ತೋರಿಸಿತು. ರ‍್ಯಾಕಿನಲ್ಲಿದ್ದದ್ದು ಒಂದೇ. ಇಂಥ ಹೊತ್ತಿನಲ್ಲಿ ನಾವೆಲ್ಲ ಮಾಡುವುದೇನು? 'ಒಂದೇ ಇದೆ ಸಾರ್, ಇನ್ನೊಂದು ನಾಳೆ ತರಿಸಿಕೊಡ್ತೀನಿ' ಅಂದು ಕಳಿಸಿ, ಸ್ಟಾಕಿನ ಅಂಕಿ ತಿದ್ದಿಬಿಡುತ್ತೇವೆ. ಎಲ್ಲೋ ಬಿಲ್ ಬಿಟ್ಟುಹೋಗಿರಬೇಕು ಅಂದುಕೊಳ್ಳುತ್ತೇವೆ. ಆ ಹುಡುಗ ತಿದ್ದಲಿಲ್ಲ. ಅದೇ ಔಷಧಿಯ ಉಳಿದ ಪವರುಗಳನ್ನೆಲ್ಲ ಎಣಿಸಿದ. 25ರದು ಕಂಪ್ಯೂಟರಿನಲ್ಲಿ ನಾಲ್ಕು, ರ‍್ಯಾಕಿನಲ್ಲಿ ಐದು. ಉಳಿದವೆಲ್ಲ ತಾಳೆಯಾದವು.

ಒಂದು ಕಡೆ ಒಂದು ಕಡಿಮೆ, ಇನ್ನೊಂದು ಕಡೆ ಒಂದು ಹೆಚ್ಚು. ಇದನ್ನು ಚೆನ್ನಾಗಿ ನೆನಪಿಡಿ. ಬರೀ ಕಡಿಮೆಯಿದ್ದರೆ ಬಿಲ್ ಹೊಡೆಯದೆ ಕೊಟ್ಟಿರಬಹುದು, ಕಳುವಾಗಿರಬಹುದು, ಡಿಸ್ಟ್ರಿಬ್ಯೂಟರ್ ಕಡೆಯಿಂದಲೇ ಒಂದು ಕಡಿಮೆ ಬಂದಿರಬಹುದು. ಆದರೆ ಒಂದೇ ಔಷಧಿಯ ಎರಡು ಪವರುಗಳಲ್ಲಿ ಒಂದು ಇಳಿದು ಇನ್ನೊಂದು ಅಷ್ಟೇ ಏರಿದ್ದರೆ, ಅದಲುಬದಲಾಗಿದೆ ಎಂದೇ ಮೊದಲು ಎಣಿಸಬೇಕು. ಅಂದರೆ 25ಕ್ಕೆ ಬಿಲ್ ಆದ ಯಾರದೋ ಮನೆಯಲ್ಲಿ 125ರ ಬಾಟಲಿ ಕೂತಿದೆ.

ಆ ಅಂಗಡಿಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಕೆಲವು ಆಯ್ದ ಔಷಧಿಗಳ ಸ್ಟಾಕ್ ಎಣಿಸುವ ರೂಢಿಯಿತ್ತು. ಥೈರಾಯ್ಡ್ ಮಾತ್ರೆ ಆ ಪಟ್ಟಿಯಲ್ಲಿತ್ತು. ಆ ಶನಿವಾರ ಬೆಳಿಗ್ಗೆ 25ರದು ಏಳು, 125ರದು ನಾಲ್ಕು ಎಂದು ಬರೆದಿಟ್ಟಿದ್ದರು, ಎರಡೂ ತಾಳೆಯಾಗಿದ್ದವು. ಹಾಗಾಗಿ ತಪ್ಪು ನಡೆದಿರುವುದು ಶನಿವಾರ ಬೆಳಿಗ್ಗೆಯಿಂದ ಈಚೆಗೆ. ಆ ನಡುವೆ 25ಕ್ಕೆ ಮೂರು ಬಿಲ್, 125ಕ್ಕೆ ಎರಡು ಬಿಲ್. ಹುಡುಕಬೇಕಾದ ಮನೆಗಳು ನೂರಲ್ಲ, ಐದು. ಎಣಿಕೆ ತಿಂಗಳಿಗೊಮ್ಮೆ ಇದ್ದಿದ್ದರೆ ಅದೇ ಕೆಲಸ ಎಷ್ಟು ದೊಡ್ಡದಾಗುತ್ತಿತ್ತು, ಎಷ್ಟು ಬೆಳಗಿನ ಮಾತ್ರೆಗಳು ಆ ತಾಯಿಯ ಹೊಟ್ಟೆಗೆ ಹೋಗುತ್ತಿದ್ದವು, ನೀವೇ ಲೆಕ್ಕ ಹಾಕಿ.

ಮೊದಲು 25ರ ಮೂರು ಬಿಲ್ಲಿನವರನ್ನು ಹಿಡಿದ. ಇಬ್ಬರ ಫೋನ್ ನಂಬರ್ ಬಿಲ್ಲಿನಲ್ಲಿತ್ತು. ಒಬ್ಬರದು ಇರಲಿಲ್ಲ, ಆದರೆ ಹಿಂದಿನ ಬೀದಿಯ ಖಾಯಂ ಗಿರಾಕಿ. ಅಂಗಡಿಯ ಹುಡುಗನನ್ನು ಬೈಕಿನಲ್ಲಿ ಅವರ ಮನೆಗೇ ಕಳಿಸಿದ. ಫೋನಿನಲ್ಲಿ ಅವನು ಕೇಳಿದ ಪ್ರಶ್ನೆಯನ್ನು ವರದಿಯಲ್ಲಿ ಹಾಗೆಯೇ ಬರೆದಿದ್ದಾನೆ: 'ಶನಿವಾರ ನಮ್ಮಲ್ಲಿ ತಗೊಂಡ ಥೈರಾಯ್ಡ್ ಬಾಟಲಿ ಕೈಯಲ್ಲಿ ಹಿಡ್ಕೊಂಡು, ಹೆಸರಿನ ಕೆಳಗಿರೋ ಅಂಕಿ ಓದಿ ಹೇಳ್ತೀರಾ?' ಅಷ್ಟೇ. 'ಇಪ್ಪತ್ತೈದು ತಾನೇ ಇರೋದು?' ಎಂದು ಕೇಳಲಿಲ್ಲ. ಹಾಗೆ ಕೇಳಿದ್ದರೆ, ಅಡುಗೆಮನೆಯಲ್ಲಿ ಕೆಲಸದ ನಡುವೆ ಫೋನ್ ಎತ್ತಿದವರು ಬಾಟಲಿ ನೋಡದೆಯೇ 'ಹ್ಞೂಂ, ಅದೇ' ಅಂದುಬಿಡುತ್ತಾರೆ. ಉತ್ತರವನ್ನು ನಮ್ಮ ಪ್ರಶ್ನೆಯೊಳಗೇ ಇಟ್ಟು ಕೇಳಬಾರದು. ಕೌಂಟರಿನಲ್ಲೂ ಇದೇ ನಿಯಮ.

ಮೊದಲನೆಯವರು ಓದಿದ್ದು 25. ಎರಡನೆಯವರ ಬಾಟಲಿಯೂ 25. ಮೂರನೆಯದು ಆ ತಾಯಿಯ ಮಗನ ಫೋನು. ಅವರು ಬಾಟಲಿ ತಂದು 'ನೂರ ಇಪ್ಪತ್ತೈದು' ಎಂದು ಓದಿದರು. ವಾಟ್ಸಾಪಿನಲ್ಲಿ ಬಾಟಲಿಯ ಫೋಟೋ ತರಿಸಿಕೊಂಡ. ಅಂಕಿ 125, ಬ್ಯಾಚ್ ನಂಬರ್ ಬಿಲ್ಲಿನಲ್ಲಿದ್ದದ್ದಕ್ಕೆ ಹೊಂದಲಿಲ್ಲ, 125ರ ಖರೀದಿ ಬಿಲ್ಲಿಗೆ ಹೊಂದಿತು. ಅಲ್ಲಿಗೆ ಖಾತ್ರಿಯಾಯಿತು. ಆದರೂ ಅವನು ಆ ಸಂಜೆಯೇ 125ರ ಇಬ್ಬರು ಗಿರಾಕಿಗಳಿಗೂ ಫೋನ್ ಮಾಡಿ ಅಂಕಿ ಓದಿಸಿದ. ಯಾಕೆ ಗೊತ್ತೇ? 25 ಬೇಕಾದ ಇಬ್ಬರಿಗೆ 125 ಹೋಗಿ, 125 ಬೇಕಾದ ಒಬ್ಬರಿಗೆ 25 ಹೋಗಿದ್ದರೂ ರ‍್ಯಾಕಿನ ಲೆಕ್ಕ ಹೀಗೇ ಕಾಣುತ್ತಿತ್ತು. ಒಂದು ತಪ್ಪು ಸಿಕ್ಕ ಖುಷಿಯಲ್ಲಿ ಹುಡುಕುವುದನ್ನು ನಿಲ್ಲಿಸಬಾರದು.

ಆ ಮಗನಿಗೆ ವಿಷಯವನ್ನು ಹೇಳಿದ ಬಗೆಯೂ ವರದಿಯಲ್ಲಿದೆ. ಸುತ್ತಿಬಳಸಿ ಹೇಳಿಲ್ಲ. 'ನಮ್ಮ ಅಂಗಡಿಯಿಂದ ತಪ್ಪಾಗಿದೆ ಅಣ್ಣಾ. ಡಾಕ್ಟರು ಬರೆದಿದ್ದು ಇಪ್ಪತ್ತೈದು, ನಾವು ಕೊಟ್ಟಿದ್ದು ನೂರ ಇಪ್ಪತ್ತೈದು. ಈ ಬಾಟಲಿಯಿಂದ ಇನ್ನು ಒಂದು ಮಾತ್ರೆಯನ್ನೂ ಅಮ್ಮನಿಗೆ ಕೊಡಬೇಡಿ. ಇಲ್ಲಿವರೆಗೆ ಎಷ್ಟು ತಗೊಂಡಿದ್ದಾರೆ?' ಭಾನುವಾರದಿಂದ ಬುಧವಾರದವರೆಗೆ ದಿನಕ್ಕೊಂದರಂತೆ ನಾಲ್ಕು. ಹೋಗಬೇಕಾಗಿದ್ದದ್ದು 100 ಮೈಕ್ರೋಗ್ರಾಂ, ಹೋದದ್ದು 500. ಮುಂದಿನ ಪ್ರಶ್ನೆ: ಎದೆನೋವು ಇದೆಯೇ, ಉಸಿರು ಕಟ್ಟುತ್ತಿದೆಯೇ, ತಲೆ ಸುತ್ತಿ ಬಿದ್ದರೇ? ಇದರಲ್ಲಿ ಯಾವುದಾದರೂ ಇದ್ದರೆ ಡಾಕ್ಟರ ಫೋನಿಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅದ್ಯಾವುದೂ ಇರಲಿಲ್ಲ. ಎರಡು ರಾತ್ರಿಯಿಂದ ನಿದ್ದೆ ಸರಿಯಿಲ್ಲ, ಎದೆ ಆಗಾಗ ಡವಡವ ಅನ್ನುತ್ತೆ, ಕೈ ಸ್ವಲ್ಪ ನಡುಗುತ್ತೆ ಅಂದರು. ಹೊಸ ಮಾತ್ರೆ ಒಗ್ಗುವವರೆಗೆ ಹೀಗೇ ಇರಬಹುದು ಎಂದು ಮನೆಯವರು ಸುಮ್ಮನಿದ್ದರು.

ಇಲ್ಲಿ ಹುಡುಗ ತನ್ನ ಗಡಿ ಎಲ್ಲಿದೆ ಅನ್ನುವುದನ್ನು ಮರೆಯಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ನಿಲ್ಲಿಸಿ ಅನ್ನುವುದು ನಮ್ಮ ಕೆಲಸ, ಏಕೆಂದರೆ ಆ ಮಾತ್ರೆಯನ್ನು ಯಾವ ಡಾಕ್ಟರೂ ಅವರಿಗೆ ಬರೆದಿರಲಿಲ್ಲ. ಸರಿಯಾದ ಮಾತ್ರೆಯನ್ನು ಯಾವತ್ತಿನಿಂದ ಶುರುಮಾಡಬೇಕು, ಹೃದಯ ನೋಡಿಸಬೇಕೇ, ಮೆಟೊಪ್ರೊಲಾಲ್ ಹೆಚ್ಚಿಸಬೇಕೇ, ಇದನ್ನೆಲ್ಲ ಹೇಳಬೇಕಾದವರು ಡಾಕ್ಟರು. 'ನಾಳೆಯಿಂದ 25 ತಗೊಳ್ಳಿ, ಸರಿಹೋಗುತ್ತೆ' ಎಂದು ನಾವೇ ಹೇಳಬಾರದು. ಇರುವ 125ನ್ನೇ ಐದು ಚೂರು ಮಾಡಿ ತಿನ್ನಿ ಅನ್ನುವುದಂತೂ ಬೇಡವೇ ಬೇಡ. ಅಷ್ಟು ಸಣ್ಣ ಮಾತ್ರೆಯನ್ನು ಸಮವಾಗಿ ಐದು ಭಾಗ ಮಾಡಲು ಯಾರಿಂದಲೂ ಆಗದು. ಆ ಹುಡುಗ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿದ: ರೋಗಿ ಯಾರು, ನೀವು ಬರೆದದ್ದು ಎಷ್ಟು, ಹೋದದ್ದು ಎಷ್ಟು ಮತ್ತು ಎಷ್ಟು ದಿನ, ಈಗ ಹೇಗಿದ್ದಾರೆ. ಜೊತೆಗೆ ಅವರು ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳ ಪಟ್ಟಿ.

ಡಾಕ್ಟರು ಅದೇ ಸಂಜೆ ಕರೆಸಿಕೊಂಡು ನೋಡಿದರು. ನಾಡಿ ನಿಮಿಷಕ್ಕೆ 96, ಇ.ಸಿ.ಜಿ.ಯಲ್ಲಿ ಹೊಸ ಬದಲಾವಣೆ ಇರಲಿಲ್ಲ. ಒಂದು ವಾರ ಥೈರಾಯ್ಡ್ ಮಾತ್ರೆ ನಿಲ್ಲಿಸಿ, ಆಮೇಲೆ 25ರಿಂದ ಶುರುಮಾಡಿ ಅಂದರು. ಆರು ವಾರದ ರಕ್ತಪರೀಕ್ಷೆಯನ್ನು ಹೊಸದಾಗಿ ಶುರುಮಾಡಿದ ದಿನದಿಂದ ಎಣಿಸಲು ಹೇಳಿದರು. ನಿದ್ದೆಗೆಟ್ಟದ್ದು, ಎದೆ ಬಡಿದುಕೊಂಡದ್ದು ಈ ಮಾತ್ರೆಯಿಂದಲೇ ಎಂದು ಖಂಡಿತ ಹೇಳಲಾಗದು, ಆದರೆ ಅದರಿಂದ ಆಗಿರಬಹುದು ಎಂದರು. ವರದಿಯಲ್ಲೂ ಅಷ್ಟನ್ನೇ ಬರೆದಿದ್ದಾನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಒಂದು ವಾರ ಯಾಕೆ ನಿಲ್ಲಿಸಿದರು ಎಂದು ಮನೆಯವರು ನಿಮ್ಮನ್ನೇ ಬಂದು ಕೇಳುತ್ತಾರೆ, ಹೇಳಲು ಗೊತ್ತಿರಲಿ. ಥೈರಾಕ್ಸಿನ್ ದೇಹದಲ್ಲಿ ಬಹಳ ನಿಧಾನವಾಗಿ ಕರಗುತ್ತದೆ. ಒಳಗೆ ಸೇರಿದ್ದರಲ್ಲಿ ಅರ್ಧ ಹೋಗಲು ಸುಮಾರು 7 ದಿನ ಬೇಕು. ಆದ್ದರಿಂದ ನಾಲ್ಕು ದಿನದ ಹೆಚ್ಚುವರಿ ಇವತ್ತು ನಿಲ್ಲಿಸಿದರೆ ನಾಳೆ ಮಾಯವಾಗುವುದಿಲ್ಲ. ಎದೆ ಡವಡವ ಇನ್ನೂ ಕೆಲವು ದಿನ ಇರಬಹುದು, ಎದೆನೋವೋ ಉಬ್ಬಸವೋ ಬಂದರೆ ಮಾತ್ರ ಯಾವ ಹೊತ್ತಾದರೂ ಆಸ್ಪತ್ರೆಗೆ ಓಡಬೇಕು ಎಂದು ಹೇಳಿಕಳಿಸಬೇಕು. ಇದನ್ನು ಹೇಳದಿದ್ದರೆ 'ಮಾತ್ರೆ ಬಿಟ್ಟರೂ ಹೋಗಲಿಲ್ಲ' ಎಂದು ಅವರು ಇನ್ನಷ್ಟು ಗಾಬರಿಯಾಗುತ್ತಾರೆ, ಇಲ್ಲವೇ ಬೇರೇನೋ ಕಾಯಿಲೆ ಎಂದು ತಿಳಿದು ಬೇರೆ ಮಾತ್ರೆ ಹುಡುಕುತ್ತಾರೆ.

ಈ ನಿಧಾನವೇ ಥೈರಾಯ್ಡ್ ಮಾತ್ರೆಯ ತಪ್ಪನ್ನು ಮುಚ್ಚಿಡುವುದು. ಬಿ.ಪಿ. ಮಾತ್ರೆಯೋ ಸಕ್ಕರೆ ಕಾಯಿಲೆಯ ಮಾತ್ರೆಯೋ ಐದು ಪಟ್ಟಾದರೆ ಸಾಮಾನ್ಯವಾಗಿ ಅದೇ ದಿನ ತಲೆಸುತ್ತು, ಬೆವರು ಬಂದು ಗೊತ್ತಾಗುತ್ತದೆ. ಇದು ಹಾಗಲ್ಲ. ದಿನವೂ ಒಂದೇ ಪ್ರಮಾಣ ತೆಗೆದುಕೊಂಡರೆ ರಕ್ತದಲ್ಲಿ ಅದರ ಮಟ್ಟ ಒಂದು ಕಡೆ ನಿಲ್ಲಲು ಐದಾರು ವಾರ ಬೇಕು. ಜೊತೆಗೆ ಇನ್ನೊಂದು ತೊಡಕಿದೆ. ಸ್ಟ್ರಿಪ್ಪಾದರೆ ಹತ್ತು ಹದಿನೈದು ದಿನಕ್ಕೆ ಮುಗಿದು ಮತ್ತೆ ಕೊಳ್ಳಲು ಬರುತ್ತಾರೆ, ತಪ್ಪಾಗಿದ್ದರೆ ಆಗ ಸಿಗುವ ಅವಕಾಶವಿದೆ. ಈ ಮಾತ್ರೆ ಸಾಮಾನ್ಯವಾಗಿ ಬಾಟಲಿಯಲ್ಲಿ ಬರುತ್ತದೆ, ಒಂದು ಬಾಟಲಿಯಲ್ಲಿ 100 ಅಥವಾ 120 ಮಾತ್ರೆ. ಒಂದು ಸಲ ತಪ್ಪಿದರೆ ಮೂರು ತಿಂಗಳಿಗೂ ಮೀರಿ ತಪ್ಪು.

ಆ ಮೂರು ತಿಂಗಳಲ್ಲಿ ಏನಾಗುತ್ತಿತ್ತು ಅನ್ನುವುದನ್ನು ಯೋಚಿಸಿ. ಆರು ವಾರಕ್ಕೆ ಟಿ.ಎಸ್.ಎಚ್. ಪರೀಕ್ಷೆ ಮಾಡಿಸಿದಾಗ ಅದು ತೀರಾ ಕೆಳಗೆ ಬಿದ್ದಿರುತ್ತಿತ್ತು. ಚೀಟಿಯಲ್ಲಿರುವುದು 25. '25ಕ್ಕೇ ಇಷ್ಟು ಇಳಿದಿದೆ' ಎಂದು ಡಾಕ್ಟರು ಆ ಮಾತ್ರೆಯನ್ನೇ ನಿಲ್ಲಿಸಿಬಿಡಬಹುದಿತ್ತು, ನಿಜವಾಗಿ ಥೈರಾಯ್ಡ್ ಕೊರತೆಯಿರುವವರು ಔಷಧಿಯಿಲ್ಲದೆ ಉಳಿಯುತ್ತಿದ್ದರು. ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು. 125 ಬೇಕಾದವರಿಗೆ 25 ಹೋಯಿತು ಅನ್ನಿ. ಸುಸ್ತು, ಮೈ ಊತ, ಮಲಬದ್ಧತೆ ನಿಧಾನವಾಗಿ ಬರುತ್ತವೆ, ಟಿ.ಎಸ್.ಎಚ್. ಏರುತ್ತದೆ. 125 ಸಾಲುತ್ತಿಲ್ಲ ಎಂದು ಡಾಕ್ಟರು 150 ಬರೆಯುತ್ತಾರೆ. ಮುಂದಿನ ಬಾಟಲಿ ಸರಿಯಾಗಿಯೇ ಹೋಗುತ್ತದೆ, ರೋಗಿ 25ರಿಂದ ಒಂದೇ ನೆಗೆತಕ್ಕೆ 150ಕ್ಕೆ ಬರುತ್ತಾರೆ. ನಮ್ಮ ಕೌಂಟರಿನ ಒಂದು ತಪ್ಪು ಡಾಕ್ಟರ ಲೆಕ್ಕವನ್ನೂ ತಪ್ಪಿಸುತ್ತದೆ. ಹಾಗಾಗಿ ಯಾವತ್ತೋ ಆದ ತಪ್ಪು ಸರಿಹೋದ ಮೇಲೆ ಗೊತ್ತಾದರೂ, 'ಈಗ ಸರಿಯಾಗಿದೆಯಲ್ಲ' ಎಂದು ಬಿಡದೆ ಡಾಕ್ಟರಿಗೆ ಹೇಳಲೇಬೇಕು. ಅವರ ಕಡತದಲ್ಲಿರುವ ಪರೀಕ್ಷೆಯ ಅಂಕಿಗೆ ಆಗ ಬೇರೆಯದೇ ಅರ್ಥ ಬರುತ್ತದೆ.

ಇಷ್ಟಾದ ಮೇಲೆ ಕಾರಣ ಹುಡುಕಲು ಕೂತರು. 'ರಶ್ ಇತ್ತು, ಗಮನ ತಪ್ಪಿತು' ಎಂದು ಬರೆದು ಮುಗಿಸಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಮುಂದಿನ ಶನಿವಾರವೂ ರಶ್ ಇರುತ್ತದೆ, ಆ ಉತ್ತರದಿಂದ ಬದಲಾಗುವುದು ಏನೂ ಇಲ್ಲ. ಹುಡುಗ ರ‍್ಯಾಕಿನ ಮುಂದೆ ಹೋಗಿ ನಿಂತು ನೋಡಿದ. ಆ ವಾರ 50ರಿಂದ 100ರವರೆಗಿನ ಕೆಲವು ಪವರುಗಳ ಸ್ಟಾಕ್ ಮುಗಿದಿತ್ತು. ಖಾಲಿ ಜಾಗ ಬಿಡಬಾರದೆಂದು ಯಾರೋ ಬಾಟಲಿಗಳನ್ನು ಒತ್ತಾಗಿ ಜೋಡಿಸಿದ್ದರು, 25ರ ಪಕ್ಕಕ್ಕೇ 125 ಬಂದು ಕೂತಿತ್ತು. ಬಾಟಲಿ ದುಂಡಗಿರುತ್ತದೆ. ಲೇಬಲ್ ನೇರವಾಗಿ ಮುಂದಕ್ಕಿದ್ದರೆ 125 ಪೂರ್ತಿ ಕಾಣುತ್ತದೆ. ಸ್ವಲ್ಪ ಎಡಕ್ಕೆ ತಿರುಗಿದ್ದರೆ ಮೊದಲಿನ 1 ಬಾಟಲಿಯ ದುಂಡಿನ ಆಚೆಗೆ ಸರಿದುಹೋಗುತ್ತದೆ, ಎದುರಿಗೆ ನಿಂತವನಿಗೆ ಕಾಣುವುದು 25 ಮಾತ್ರ. ಅವನು ಬಾಟಲಿಯನ್ನು ಹಾಗೆ ತಿರುಗಿಸಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ವರದಿಗೆ ಅಂಟಿಸಿದ್ದಾನೆ. ಆ ಫೋಟೋ ನೋಡಿದರೆ ನನಗೂ ಅದು 25 ಎಂದೇ ಕಂಡಿತು.

ಎರಡನೆಯ ಕಾರಣ ಕೊನೆಯ ತಪಾಸಣೆಯದು. ಕವರಿಗೆ ಹಾಕುವ ಮೊದಲು ತಾಳೆ ನೋಡಿದ್ದು ನಿಜ. ಆದರೆ ತಾಳೆ ನೋಡಿದ್ದು ಚೀಟಿಯನ್ನು ಬಿಲ್ಲಿನ ಜೊತೆಗೆ. ಚೀಟಿಯಲ್ಲಿ 25, ಬಿಲ್ಲಿನಲ್ಲಿ 25, ಸರಿಯಿದೆ ಎಂದು ಟಿಕ್ ಹಾಕಿದರು. ಬಿಲ್ಲು ಕಂಪ್ಯೂಟರಿನಿಂದ ಬಂದದ್ದು, ಬಾಟಲಿ ರ‍್ಯಾಕಿನಿಂದ ಬಂದದ್ದು. ರೋಗಿಯ ಹೊಟ್ಟೆಗೆ ಹೋಗುವುದು ಬಾಟಲಿಯಲ್ಲಿರುವುದು. ಅದನ್ನು ಚೀಟಿಯ ಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಸ್ಕ್ಯಾನರ್ ಇರುವ ಅಂಗಡಿಯಲ್ಲೂ ಇದೇ ಮಾತು: ಕೈಯಲ್ಲಿರುವ ಬಾಟಲಿಯನ್ನೇ ಸ್ಕ್ಯಾನ್ ಮಾಡಿ ಬಿಲ್ ತೆಗೆದರೆ ಅದು ಕಾಪಾಡುತ್ತದೆ. ಹೆಸರಿನ ಮೊದಲ ಮೂರಕ್ಷರ ಟೈಪ್ ಮಾಡಿ ಪಟ್ಟಿಯಲ್ಲಿ ಆರಿಸಿ ಬಿಲ್ ಹೊಡೆಯುವಲ್ಲಿ ಸ್ಕ್ಯಾನರ್ ಇದ್ದೂ ಇಲ್ಲದಂತೆ.

ಅಂಗಡಿಯವರು ಮಾಡಿಕೊಂಡ ಬದಲಾವಣೆಗಳು ಹೆಚ್ಚಿಲ್ಲ, ಅದೇ ಒಳ್ಳೆಯದು. ಹೆಚ್ಚಿದ್ದರೆ ತಿಂಗಳಲ್ಲಿ ಮರೆತುಹೋಗುತ್ತದೆ. 100ಕ್ಕಿಂತ ಮೇಲಿನ ಪವರುಗಳನ್ನು ಬೇರೆ ಅಟ್ಟಕ್ಕೆ ಸಾಗಿಸಿದರು. ಸ್ಟಾಕ್ ಮುಗಿದರೂ ಆ ಪವರಿನ ಜಾಗವನ್ನು ಖಾಲಿ ಬಿಡುತ್ತಾರೆ, ಪಕ್ಕದ್ದನ್ನು ಸರಿಸುವುದಿಲ್ಲ. ಕೊನೆಯ ತಪಾಸಣೆ ಚೀಟಿಗೂ ಬಾಟಲಿಗೂ ನಡುವೆ, ಬಿಲ್ಲು ಆಮೇಲೆ. ಕೊಡುವಾಗ ಫಾರ್ಮಾಸಿಸ್ಟ್ ಬಾಟಲಿಯನ್ನು ಗಿರಾಕಿಯ ಕಡೆಗೆ ತಿರುಗಿಸಿ ಅಂಕಿಯನ್ನು ಬಿಡಿಸಿ ಓದುತ್ತಾರೆ: 'ಎರಡು, ಐದು, ಇಪ್ಪತ್ತೈದು ಮೈಕ್ರೋಗ್ರಾಂ.' ಹಳೇ ರೋಗಿಯಾದರೆ 'ಇದುವರೆಗೆ ಎಷ್ಟು ಪವರಿನದು ತಗೋತಿದ್ರಿ?' ಎಂದು ಕೇಳುತ್ತಾರೆ. ಅವರ ಬಾಯಲ್ಲಿ ಬೇರೆ ಅಂಕಿ ಬಂದರೆ ನಿಂತು ಚೀಟಿ ನೋಡುತ್ತಾರೆ. ಭಾರತೀಯ ಫಾರ್ಮಸಿ ಪರಿಷತ್ತು 2015ರಲ್ಲಿ ಹೊರಡಿಸಿದ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿಹೇಳುವುದನ್ನು ಫಾರ್ಮಾಸಿಸ್ಟನ ಕರ್ತವ್ಯವೆಂದೇ ಹೇಳಿವೆ. ಅದನ್ನು ದೊಡ್ಡ ಉಪನ್ಯಾಸ ಅಂದುಕೊಳ್ಳಬೇಡಿ. ಅಂಕಿಯನ್ನು ಅವರ ಕಣ್ಣೆದುರು ಬಿಡಿಸಿ ಓದುವುದೇ ಅದರ ಮೊದಲ ಮೆಟ್ಟಿಲು.

ಇಷ್ಟು ಮಾಡಿದರೂ ಸಿಗದ ತಪ್ಪುಗಳಿವೆ, ಅದನ್ನೂ ತಿಳಿದಿರಿ. ಒಂದೇ ವಾರದಲ್ಲಿ ಎರಡು ಅದಲುಬದಲು ಎದುರುಬದುರಾಗಿ ಆದರೆ ರ‍್ಯಾಕಿನ ಲೆಕ್ಕ ಸರಿಯಾಗಿಯೇ ಕೂತಿರುತ್ತದೆ. ಬಿಲ್ಲೇ ತಪ್ಪು ಪವರಿಗೆ ಹೊಡೆದು, ಅದೇ ತಪ್ಪು ಬಾಟಲಿ ಕೊಟ್ಟರೆ ಸ್ಟಾಕ್ ಎಣಿಕೆ ಏನನ್ನೂ ಹೇಳುವುದಿಲ್ಲ. ಚೀಟಿಯ ಕೈಬರಹದಲ್ಲಿ 12.5ರ ಚುಕ್ಕಿ ಮಸುಕಾಗಿದ್ದರೆ ಅದು 125 ಆಗುತ್ತದೆ, ಆಗ ಚೀಟಿ ನೋಡಿ ತಾಳೆ ಮಾಡಿದರೂ ತಪ್ಪೇ. ವಯಸ್ಸಾದವರಿಗೆ, ಮೊದಲ ಸಲಕ್ಕೆ, ದೊಡ್ಡ ಅಂಕಿ ಕಂಡರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕೇಳಿದ್ದಕ್ಕೆ ಒಬ್ಬರು ರೇಗಬಹುದು. ರೇಗಲಿ.

ಈಗ ವರದಿಯ ಬಗ್ಗೆ. ಆ ಹುಡುಗ ಅದನ್ನು ಅದೇ ರಾತ್ರಿ ಬರೆದ. ಯಾವ ಹೊತ್ತಿಗೆ ಏನು ಎಂದು ಗಂಟೆ ಸಮೇತ: ಬಿಲ್ ಆದದ್ದು, ವ್ಯತ್ಯಾಸ ಕಂಡದ್ದು, ಮೊದಲ ಫೋನು, ಡಾಕ್ಟರಿಗೆ ತಿಳಿಸಿದ್ದು, ಬಾಟಲಿ ವಾಪಸು ಬಂದದ್ದು. ಗೊತ್ತಿರುವುದನ್ನು ಒಂದು ಕಡೆ, ಊಹೆಯನ್ನು ಇನ್ನೊಂದು ಕಡೆ ಬರೆದ. ಬಾಟಲಿ ತೆಗೆದುಕೊಟ್ಟವನ ಹೆಸರು ಎಲ್ಲೂ ಇಲ್ಲ, 'ರ‍್ಯಾಕಿನಿಂದ ತೆಗೆದವರು' ಎಂದಷ್ಟೇ ಇದೆ. ಇದು ದಯೆಗಾಗಿ ಮಾಡಿದ್ದಲ್ಲ. ಹೆಸರು ಬರೆದಿದ್ದರೆ ಮುಂದಿನ ಸಲ ಲೆಕ್ಕ ತಪ್ಪಿದಾಗ ಯಾರೂ ಬಾಯಿ ಬಿಡುವುದಿಲ್ಲ, ಸದ್ದಿಲ್ಲದೆ ಸ್ಟಾಕ್ ತಿದ್ದುತ್ತಾರೆ, ಎಲ್ಲೋ ಒಂದು ಮನೆಯಲ್ಲಿ ತಪ್ಪು ಬಾಟಲಿ ಖಾಲಿಯಾಗುತ್ತಾ ಇರುತ್ತದೆ. ಕೊನೆಯಲ್ಲಿ, ಏನೇನು ಬದಲಾಯಿಸಬೇಕು, ಅದನ್ನು ಯಾರು ಯಾವ ದಿನದೊಳಗೆ ಮಾಡಬೇಕು ಎಂದು ಬರೆದು ಯಜಮಾನರ ಸಹಿ ಹಾಕಿಸಿದ. ವಾಪಸು ಬಂದ ಬಾಟಲಿಯನ್ನು 'ಮಾರಾಟಕ್ಕಲ್ಲ' ಎಂದು ಬರೆದು ಬೇರೆ ಇಟ್ಟರು. ಸೀಲು ಒಡೆದ ಬಾಟಲಿ ಮತ್ತೆ ರ‍್ಯಾಕಿಗೆ ಹೋಗಬಾರದು. ಡಾಕ್ಟರ ಫೀಸು, ಇ.ಸಿ.ಜಿ. ಖರ್ಚನ್ನು ಅಂಗಡಿಯೇ ಕೊಟ್ಟಿತು.

ಔಷಧಿಯಿಂದ ತೊಂದರೆಯಾಗಿರಬಹುದು ಅನ್ನಿಸಿದರೆ ಅದನ್ನು ಅಂಗಡಿಯೊಳಗೇ ಇಟ್ಟುಕೊಳ್ಳಬೇಕಾಗಿಲ್ಲ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ದೇಶದ ಔಷಧ ಸುರಕ್ಷತಾ ಕಾರ್ಯಕ್ರಮವನ್ನು ನಡೆಸುತ್ತದೆ. ಅದರ ಉಚಿತ ಸಹಾಯವಾಣಿ 1800-180-3024. ಅಲ್ಲಿಗೆ ವರದಿ ಮಾಡಲು ಡಾಕ್ಟರೇ ಆಗಬೇಕಿಲ್ಲ, ಫಾರ್ಮಾಸಿಸ್ಟರೂ ಮಾಡಬಹುದು, ರೋಗಿಯೂ ಮಾಡಬಹುದು.

ಮನೆಯಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಹೊಸ ಬಾಟಲಿ ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಎರಡನ್ನೂ ಅಕ್ಕಪಕ್ಕ ಇಟ್ಟು ಅಂಕಿ ನೋಡಿ. ಮೊದಲ ಸಲವಾದರೆ ಚೀಟಿಯ ಅಂಕಿಯನ್ನು ಡಾಕ್ಟರಿಂದಲೇ ಬಾಯಿಬಿಟ್ಟು ಹೇಳಿಸಿಕೊಂಡು ಬನ್ನಿ. ಹೊಸ ಬಾಟಲಿ ಶುರುವಾದ ಮೇಲೆ ಎದೆ ಡವಡವ, ಕೈನಡುಕ, ನಿದ್ದೆಗೇಡು ಬಂದರೆ ಒಗ್ಗಿಕೊಳ್ಳಲಿ ಎಂದು ಕಾಯಬೇಡಿ, ಮೊದಲು ಬಾಟಲಿಯ ಅಂಕಿ ಓದಿ.

ಮತ್ತೆ ನಿಮಗೆ, ಮಕ್ಕಳೇ. ಆ ತಾಯಿಗೆ ಆರು ವಾರದ ಪರೀಕ್ಷೆಯಾಯಿತು. ಅವರು ನಿಜವಾಗಿ ತೆಗೆದುಕೊಂಡದ್ದು 25 ಎಂದು ಡಾಕ್ಟರಿಗೆ ಗೊತ್ತಿತ್ತು, ಆದ್ದರಿಂದ ಬಂದ ಅಂಕಿಯನ್ನು ನಂಬಿ ಮುಂದಿನ ಪ್ರಮಾಣ ಬರೆಯಲು ಅವರಿಗೆ ಸಾಧ್ಯವಾಯಿತು. ಬುಧವಾರ ಮಧ್ಯಾಹ್ನ ಒಂದು ಬಾಟಲಿಯ ವ್ಯತ್ಯಾಸವನ್ನು ತಿದ್ದಿ ಮುಚ್ಚಿದ್ದರೆ ಆ ನಂಬಿಕೆಗೆ ಆಧಾರವೇ ಇರುತ್ತಿರಲಿಲ್ಲ. ನಿಮ್ಮ ರ‍್ಯಾಕಿನಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಕಂಡ ದಿನ ಕಂಪ್ಯೂಟರಿನ ಅಂಕಿ ಮುಟ್ಟಬೇಡಿ. ಹಿಂದಿನ ಎಣಿಕೆಯಿಂದ ಈಚೆಗಿನ ಬಿಲ್ಲುಗಳನ್ನು ತೆಗೆಯಿರಿ, ಫೋನ್ ಎತ್ತಿ, ಅವರ ಬಾಯಿಂದಲೇ ಅಂಕಿ ಓದಿಸಿ. ಯಜಮಾನರಿಗೆ ಹೇಳುವುದು ಆಮೇಲೆ ಇರಲಿ. ಮೊದಲು ನಾಳೆ ಬೆಳಗಿನ ಮಾತ್ರೆ ನಿಲ್ಲಲಿ.